ಹನ್ನೊಂದು ಬೋಳು ಚೌಕಗಳು

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತಿತ್ತು ಸಂಶೋಧಕಿಯ ಕೋಷ್ಟಕ. ಕಾಡಿನ ಎಂಬತ್ತನಾಲ್ಕು ತಾಣಗಳಲ್ಲಿ ಮರಗಳ ಸುತ್ತಳತೆ ಅಳೆದು ತಂದವರು ಅವಳ ದೊಡ್ಡಪ್ಪ, ನಿವೃತ್ತ ಅರಣ್ಯ ರಕ್ಷಕ. ಅವರು ತಂದ ಜಿಪಿಎಸ್ ಬಿಂದುಗಳನ್ನು ಉಪಗ್ರಹದ ಹಸಿರು ನಕ್ಷೆಯ ಮೇಲಿಟ್ಟು, ಒಂದೊಂದು ಬಿಂದು ಬಿದ್ದ ಹತ್ತು ಮೀಟರ್ ಚೌಕದ ಅಂಕಿಯನ್ನು ಕೋಷ್ಟಕಕ್ಕೆ ಎಳೆದುಕೊಂಡಿದ್ದಳು. ಮರ ಹೆಚ್ಚಿದಂತೆ ಹಸಿರೂ ಹೆಚ್ಚುತ್ತದೆಯೇ ಎಂದು ರಿಗ್ರೆಶನ್ ಎಂಬ ಲೆಕ್ಕದಲ್ಲಿ ನೋಡಬೇಕಿತ್ತು. ಹನ್ನೊಂದು ಸಾಲುಗಳಲ್ಲಿ ಮರಗಳೇನೋ ದಂಡಿಯಾಗಿದ್ದವು, ಹಸಿರು ಮಾತ್ರ ಬೋಳು ಮೈದಾನದ್ದು.

"ಕೂತಲ್ಲೇ ಬರ್ದಿದ್ದಾರೆ," ಮಾರ್ಗದರ್ಶಕಿ ಕಡ್ಡಿ ಮುರಿದ ಹಾಗೆ ಹೇಳಿದರು. "ಹನ್ನೊಂದು ಸುಳ್ಳಾದ್ರೆ ಉಳಿದಿದ್ದನ್ನ ಹೇಗೆ ನಂಬೋದು? ನಾಳೆ ಅವರ ಅಳತೆ ಪೂರ್ತಿ ತೆಗಿ. ಪ್ರಬಂಧದಲ್ಲಿ ಹೆಸರೂ ಬೇಡ."

ಆದರೆ ಅವಳ ತಲೆಗೊಂದು ಹುಳ ಹೊಕ್ಕಿತ್ತು. ಸುಳ್ಳು ಬರೆಯುವವನು ದೂರದ, ಏರಿನ ತಾಣಗಳಲ್ಲಿ ಬರೆಯುತ್ತಾನೆ. ಈ ಹನ್ನೊಂದೂ ಅತಿ ದಟ್ಟ ಎಂದು ಬರೆದ ತಾಣಗಳೇ ಆಗಿರುವುದೇಕೆ?

ಸಂಜೆ ಲ್ಯಾಪ್‌ಟಾಪ್ ಹಿಡಿದು ದೊಡ್ಡಪ್ಪನ ಮನೆಗೆ ಹೋದಳು.

"ದೊಡ್ಡಪ್ಪ, ಜಿಪಿಎಸ್ ಒತ್ತುವಾಗ ಎಲ್ಲಿ ನಿಂತಿದ್ರಿ?"

"ದಟ್ಟ ಮರದ ಕೆಳಗೆ ಆ ಡಬ್ಬಿಗೆ ಸಿಗ್ನಲ್ ಎಲ್ಲಿ ಸಿಗತ್ತೆ? ಬಯಲಿಗೆ ಬಂದು ಒತ್ತಿದೆ. ಅಂಚಲ್ಲಿ ಬರ್ದಿದ್ದೀನಲ್ಲ, ಓದಿಲ್ವಾ?"

ಓದಿರಲಿಲ್ಲ. ಅವರ ನೋಟ್‌ಬುಕ್ಕಿನಲ್ಲಿ ಆ ಹನ್ನೊಂದೂ ತಾಣಗಳ ಅಂಚಿಗೆ ಪೆನ್ಸಿಲ್ ಟಿಪ್ಪಣಿ ಇತ್ತು; ಒಂದರಲ್ಲಿ: 'ಮರಗಳು ಇಲ್ಲಿಂದ ದಕ್ಷಿಣಕ್ಕೆ, ಅರವತ್ತು ಹೆಜ್ಜೆ.' ಅವಳು ಅಂಕಿಗಳನ್ನಷ್ಟೇ ಟೈಪ್ ಮಾಡಿದ್ದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕಲ್ಲ! ದೊಡ್ಡಪ್ಪನನ್ನು ಅಂಗಳದಲ್ಲಿ ನಡೆಸಿ ಟೇಪು ಹಿಡಿದಳು. ಹತ್ತು ಹೆಜ್ಜೆಗೆ ಏಳು ಮೀಟರ್. ಅರವತ್ತಕ್ಕೆ ನಲವತ್ತೆರಡು, ಅಂದರೆ ನಾಲ್ಕು ಚೌಕ ಆಚೆ. ಅಂಚಿನ ಟಿಪ್ಪಣಿಯಂತೆ ಒಂದೊಂದೇ ಬಿಂದು ಸರಿಸಿ ಅಂಕಿಗಳನ್ನು ಮತ್ತೆ ಎಳೆದಳು. ಹತ್ತು ಸಾಲುಗಳಲ್ಲಿ ಹಸಿರು ಉಕ್ಕಿತು. ಅವಳು ಕುಣಿಯುವುದೊಂದು ಬಾಕಿ.

ಹನ್ನೊಂದನೆಯದು ಸರಿಸಿದರೂ ಬೋಳಾಗಿಯೇ ಉಳಿಯಿತು.

"ಇದು ನಕ್ಷೆ ತಪ್ಪೇನೋ. ಮೋಡ ಗೀಡ ಇದ್ದಿರಬೇಕು," ಎಂದಳು, ಅವರ ಮುಖ ನೋಡದೆ.

ದೊಡ್ಡಪ್ಪ ಕನ್ನಡಕ ತೆಗೆದರು. "ನಕ್ಷೆ ಸರಿಯಾಗೇ ಇದೆ ಮಗಳೇ. ಅವತ್ತು ಮಂಡಿ ನೋವು, ಇಳಿಜಾರು ಇಳಿಯಕ್ಕಾಗ್ಲಿಲ್ಲ. ಮೇಲಿಂದಲೇ ನೋಡಿ ಮರದ ಅಳತೆ, ಹೆಜ್ಜೆ ಎರಡೂ ಅಂದಾಜಲ್ಲಿ ಬರೆದೆ. ತೆಗೆದ್ಬಿಡು. ಯಾಕೆ ಅಂತ ನಿಮ್ಮ ಮೇಡಂಗೂ ಹೇಳು."

"ಹೇಳಿದ್ರೆ ಎಲ್ಲಾನೂ ತೆಗೀತಾರೆ!"

"ತೆಗೀಲಿ. ಹೇಳ್ದೇ ಇರೋದು ಮಾತ್ರ ಬೇಡ."

ಮರುದಿನ ಅವಳು ಎಲ್ಲವನ್ನೂ ಹೇಳಿದಳು. ಮಾರ್ಗದರ್ಶಕಿ ನೋಟ್‌ಬುಕ್ಕಿನ ಅಂಚುಗಳನ್ನು ಒಂದೊಂದಾಗಿ ಓದಿದರು, ಸರಿಸಿದ ಬಿಂದುಗಳನ್ನು ನೋಡಿದರು.

"ಎಂಬತ್ತಮೂರು ಇಟ್ಕೋ," ಎಂದರು ಕೊನೆಗೆ. "ಹೆಸರೂ ಇರಲಿ. ಮುಂದಿನ ಸರ್ವೆಗೂ ಅವರನ್ನೇ ಕರಿ. ಇಳಿಜಾರಿಗೆ ಮಾತ್ರ ನೀನು ಇಳಿ."