ಎರಡು ಸೆಕೆಂಡಿಗೆ ಒಂದು ಮೇಲ್

ಮೈಸೂರಿನಿಂದ ಕೇರಳದ ಗಡಿಯವರೆಗೆ ಮೇಲ್ ಸರ್ವರ್ ನಡೆಸುವವರಲ್ಲಿ ನನ್ನಂಥವನು ಇನ್ನೊಬ್ಬನಿಲ್ಲ. ಬೇರೆಯವರು ಹೇಳಲು ಮರೆತಿರುವುದರಿಂದ ನಾನೇ ಹೇಳುತ್ತಿದ್ದೇನೆ. ಚಾಮರಾಜನಗರದಲ್ಲಿ, ಚಪ್ಪಲಿ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ. ಅಲ್ಲಿ ಇರುವವರು ಇಬ್ಬರೇ: ನಾನು, ನಾಗೇಂದ್ರ; ಮತ್ತು ಹರದನಹಳ್ಳಿಯಿಂದ ಸ್ಕೂಟರಿನಲ್ಲಿ ಬಂದುಹೋಗುವ ಪವಿತ್ರ. ಜಿಲ್ಲೆಯ ಅರವತ್ತೆರಡು ಸಂಸ್ಥೆಗಳ ಮೇಲ್ ನಮ್ಮ ಒಂದೇ ಸರ್ವರ್‌ನಿಂದ ಹೊರಡುತ್ತದೆ. ಹೊರಗಿನ ದೊಡ್ಡ ಮೇಲ್ ಕಂಪನಿಗಳಿಗೆ ಅರವತ್ತೆರಡು ಮುಖಗಳು ಕಾಣುವುದಿಲ್ಲ, ಸರ್ವರ್ ಒಂದೇ ಕಾಣುತ್ತದೆ. ಒಬ್ಬನ ಮೇಲ್ ಪೆಟ್ಟಿಗೆಯಿಂದ ಕಸದ ಮೇಲ್ ಹೋದರೂ ಅವು ಎಲ್ಲರ ಮೇಲ್‌ಗೂ ಬಾಗಿಲು ಹಾಕಿಕೊಳ್ಳುತ್ತವೆ.

ಅದಕ್ಕೇ ಪವಿತ್ರ ಒಂದು ಮಿತಿ ಇಟ್ಟಿದ್ದಳು. ಯಾವ ಪೆಟ್ಟಿಗೆಯಿಂದಲೂ ಗಂಟೆಗೆ ನೂರು ಜನಕ್ಕಿಂತ ಹೆಚ್ಚಿಗೆ ಮೇಲ್ ಹೋಗಕೂಡದು. ಲೆಕ್ಕ ಹಿಡಿಯುವುದು ಲಾಗಿನ್ ಆದವರ ಹೆಸರಿನ ಮೇಲೆ. ಮೇಲ್‌ನಲ್ಲಿ ಯಾರ ಹೆಸರು ಬರೆದುಕೊಂಡರೂ ಪ್ರಯೋಜನವಿಲ್ಲ.

ಈ ಮಿತಿಯನ್ನು ಒಬ್ಬರಿಗೆ ಮಾತ್ರ ತೆಗೆದವನು ನಾನು. ಗುಂಡ್ಲುಪೇಟೆಯ ಅರಿಶಿನ ವ್ಯಾಪಾರಿ ಸಿದ್ದಮಲ್ಲಪ್ಪನವರು ಹೊಸ ಗೋಡೌನಿನ ಪೂಜೆಗೆ ಸಾವಿರದ ನಾನೂರು ಜನರನ್ನು ಮೇಲ್‌ನಲ್ಲೇ ಕರೆಯಬೇಕೆಂದು ಹಟ ಹಿಡಿದಿದ್ದರು. ಇಪ್ಪತ್ತು ವರ್ಷಗಳಿಂದ ಯಾರು ವಿಸಿಟಿಂಗ್ ಕಾರ್ಡ್ ಕೊಟ್ಟರೂ ಅವರು ಅದನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕುವವರು. ಅಂಥ ಡಬ್ಬ ಮೂರು ತುಂಬಿದ್ದವು. ಅಂಗಡಿಯ ಗುಮಾಸ್ತ ಪುಟ್ಟಬಸಪ್ಪ ಅಷ್ಟನ್ನೂ ಟೈಪ್ ಮಾಡಿ ಬೆರಳು ಸವೆಸಿದ್ದ. ಬೆರಳು ಅರ್ಧ ಇಂಚು ಗಿಡ್ಡವಾಗಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

"ಗಂಟೆಗೆ ನೂರ್ ಅಂದ್ರೆ ಹದ್ನಾಲ್ಕ್ ಗಂಟೆ ಆಯ್ತದೆ ಕಣ್ಲಾ," ಎಂದರು ಯಜಮಾನರು. "ಅಷ್ಟೊತ್ಗೆ ಪೂಜೆಯೇ ಮುಗ್ದೋಯ್ತದೆ."

"ನಿಮ್ಗೆಲ್ಲಿ ಮಿತಿ ಯಜಮಾನ್ರೇ, ಬುಡಿ," ಎಂದು ನಾನು ಅವರ ಪೆಟ್ಟಿಗೆಯನ್ನು ವಿನಾಯಿತಿ ಪಟ್ಟಿಗೆ ಸೇರಿಸಿದೆ. ಪವಿತ್ರ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದಾಗ ನಾನು ಗೆದ್ದೆ ಎಂದುಕೊಳ್ಳುವುದು ನನ್ನ ಪದ್ಧತಿ.

ಮಾರನೆಯ ಬೆಳಿಗ್ಗೆ ಸಂತೆಮರಹಳ್ಳಿಯಿಂದ ಚಾಮುಂಡಿ ಫೋನ್ ಮಾಡಿದಳು. ಅವಳು ಅಲ್ಲಿನ ಚೆಂಡುಹೂ ಬೆಳೆಗಾರ ಹೆಂಗಸರ ಸಂಘದ ಕಾರ್ಯದರ್ಶಿ. ಓಣಂಗೆ ಮೂರು ಟನ್ ಹೂವು ಕೊಳ್ಳುವ ಕೋಯಿಕ್ಕೋಡಿನ ಕಂಪನಿಯೊಂದು ದರಪತ್ರವನ್ನು ಮೇಲ್‌ನಲ್ಲಿ ಮಾತ್ರ ತೆಗೆದುಕೊಳ್ಳುತ್ತಿತ್ತು, ಅದೂ ಮಧ್ಯಾಹ್ನ ಒಂದು ಗಂಟೆಯೊಳಗೆ.

"ಹೂವ ಕುಯ್ದಾಗದೆ ಅಣ್ಣ. ತೂಕ ಬಂದ್ಮೇಲೆ ಹನ್ನೆರಡೂವರೆಗೆ ಕಳುಸ್ತೀನಿ. ಓಯ್ತದೆ ತಾನೆ?"

"ನನ್ ಸರ್ವರಿಂದ ಸಿಡ್ಲಾದ್ರೂ ತಪ್ಪೋದು, ಮೇಲ್ ತಪ್ಪಕಿಲ್ಲ ಕಣಮ್ಮಿ," ಎಂದೆ.

ಹನ್ನೊಂದೂ ಮುಕ್ಕಾಲಿಗೆ ನಾನು ಗುಂಡ್ಲುಪೇಟೆಯಲ್ಲಿದ್ದೆ. ವಿನಾಯಿತಿ ಕೊಟ್ಟ ಸಂತೋಷಕ್ಕೆ ಯಜಮಾನರು ಹೋಟೆಲ್ಲಿಗೆ ಕರೆಸಿದ್ದರು. ನನ್ನ ಏಳನೆಯ ಇಡ್ಲಿಯ ಹೊತ್ತಿಗೆ ಅವರ ಫೋನಿಗೆ ಸಂದೇಶ ಬಂತು: ನಿಮ್ಮ ಪೆಟ್ಟಿಗೆಯ ಹೊರಹೋಗುವ ಮೇಲ್ ತಡೆಹಿಡಿಯಲಾಗಿದೆ.

"ಏನ್ಲಾ ಇದು? ಮಿತಿ ತೆಗ್ದೆ ಅಂದೆ. ನಾಕು ಜನದ ಮುಂದೆ ಮಾನ ಕಳೀತೀಯಾ?"

ನನ್ನ ಫೋನಿನಲ್ಲಿ ನೋಡಿದೆ. ಗಂಟೆಯ ಮಿತಿಯ ಹಿಂದೆ ಪವಿತ್ರ ಇನ್ನೊಂದು ಕಾವಲು ಕೂರಿಸಿದ್ದಳು. ವಿನಾಯಿತಿ ಪಟ್ಟಿ ಅದಕ್ಕೆ ಲೆಕ್ಕವಿಲ್ಲ. ಕೊನೆಯ ಇನ್ನೂರು ವಿಳಾಸಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು 'ಇಂಥವರಿಲ್ಲ' ಎಂದು ಹಿಂದಕ್ಕೆ ಬಂದರೆ ಪೆಟ್ಟಿಗೆ ತಾನೇ ನಿಲ್ಲುತ್ತದೆ. ಇನ್ನೂರಕ್ಕೆ ತೊಂಬತ್ತೊಂದು ಹಿಂದಕ್ಕೆ ಬಂದಿದ್ದವು.

ನನಗೆ ನಗು ಬಂತು. ಬಿಸ್ಕತ್ತಿನ ಡಬ್ಬದ ಕಾರ್ಡುಗಳಲ್ಲಿ ಅರ್ಧ ಅಂಗಡಿಗಳು ಮುಚ್ಚಿಹೋಗಿವೆ, ವಿಳಾಸ ಎಲ್ಲಿ ಉಳಿದಿರುತ್ತದೆ? ಪವಿತ್ರಳನ್ನು ಒಂದು ಮಾತು ಕೇಳಬಹುದಿತ್ತು. ಪುಟ್ಟಬಸಪ್ಪನನ್ನೂ ಕೇಳಬಹುದಿತ್ತು. ಜಗತ್ಪ್ರಸಿದ್ಧರು ಕೇಳುವುದಿಲ್ಲ. ಎಡಗೈಯ ಹೆಬ್ಬೆರಳಿನಿಂದ ತಡೆ ತೆಗೆದೆ.

ಆಗ ಪುಟ್ಟಬಸಪ್ಪ ಬೀಗದ ಕೈ ಹಿಡಿದುಕೊಂಡು ಹೋಟೆಲ್ಲಿಗೆ ಬಂದ.

"ಯಜಮಾನ್ರೇ, ಬೆಳಗ್ನಿಂದ ಕರೆಂಟೇ ಇಲ್ಲ. ಕಂಪ್ಯೂಟರ್ ಆನೇ ಆಗ್ನಿಲ್ಲ. ಕರೆಯೋಲೆ ಒಂದೂ ಓಗಿಲ್ಲ. ಅಂಗ್ಡಿ ಬಾಗ್ಲಾಕಿ ಬಂದೆ."

ಎಂಟನೆಯ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಮತ್ತೆ ಫೋನ್ ನೋಡಿದೆ. ಯಜಮಾನರ ಬಲಗೈ ಸಾಂಬಾರಿನಲ್ಲಿತ್ತು, ಗುಮಾಸ್ತನ ಕೈಯಲ್ಲಿ ಬೀಗದ ಕೈ ಇತ್ತು. ಆದರೂ ಅವರ ಪೆಟ್ಟಿಗೆಯ ಸರತಿಯಲ್ಲಿ ನಾಲ್ಕು ಸಾವಿರ ಮೇಲ್ ನಿಂತಿದ್ದವು, ಸೆಕೆಂಡಿಗೆ ಆರು ಹೊಸದಾಗಿ ಸೇರುತ್ತಿದ್ದವು.

"ಪುಟ್ಟಬಸಪ್ಪ, ಪಾಸ್‌ವರ್ಡ್ ಯಾರ್ಗಾರ ಕೊಟ್ಟಾ?"

"ಯಾರ್ಗೂ ಇಲ್ಲ ಕಣಣ್ಣ. ಮೊನ್ನೆ ನಿಮ್ ಕಡೆಯಿಂದ್ಲೇ ಮೇಲ್ ಬಂದಿತ್ತಲ್ಲ, ಪೆಟ್ಗೆ ತುಂಬೋಗದೆ, ಇಲ್ಲೊತ್ತಿ ಅಂತ. ಒತ್ತಿ ಕೊಟ್ಬುಟ್ಟೆ."

ನಮ್ಮ ಕಡೆಯಿಂದ ಅಂಥದ್ದು ಎಂದೂ ಹೋಗುವುದಿಲ್ಲ. ಯಾವನೋ ಕಳ್ಳ ನಮ್ಮ ಹೆಸರು ಹೇಳಿ ಪಾಸ್‌ವರ್ಡ್ ಕಸಿದಿದ್ದ. ಫೋನ್ ಮಾಡಿದೆ. ಪವಿತ್ರ ಮೊದಲ ರಿಂಗಿಗೇ ಎತ್ತಿದಳು.

"ತಡೆ ತೆಗ್ದಿದ್ದು ನೀವಾ ಅಣ್ಣ?"

"ಊಂ."

"ತೊಂಬತ್ತು ಸೆಕೆಂಡು ತೆರೆದಿತ್ತು. ಮತ್ತೆ ಹಾಕಿದೀನಿ. ಪಾಸ್‌ವರ್ಡ್ ಬದಲಾಯಿಸ್ದೆ, ಒಳಗಿದ್ದ ಕನೆಕ್ಷನ್ನೆಲ್ಲ ಕತ್ತರಿಸ್ದೆ. ಬರೀ ಪಾಸ್‌ವರ್ಡ್ ಬದಲಾಯ್ಸಿದ್ರೆ ಒಳಗೆ ಕೂತಿರೋನು ಎದ್ದೋಗಲ್ಲ."

"ನಾಲ್ಕು ಸಾವಿರನೂ ಹೊರಟೋದ್ವಾ?"

"ನಲವತ್ತೈದು."

"ಅದೆಂಗೆ?"

"ತಡೆಯಿಂದ ಬಿಟ್ಟ ಮೇಲ್‌ನ ನಾನು ಎರಡು ಸೆಕೆಂಡಿಗೆ ಒಂದರಂತೆ ಬಿಡೋದು. ಅಪ್ಪ ಬಾಳೆಗೆ ಹನಿ ನೀರು ಬಿಡೋ ಹಾಗೆ. ನಿಮ್ಮ ಹೆಬ್ಬೆರಳು ನನಗೆ ಗೊತ್ತಿಲ್ವಾ ಅಣ್ಣ?"

ಬೈಕ್ ಹತ್ತಿದೆ. ತೆರಕಣಾಂಬಿಯ ಹತ್ತಿರ ನನ್ನ ನೆರಳು ಹಿಂದೆ ಬಿದ್ದು ದಾರಿ ತಪ್ಪಿತು, ಅಷ್ಟು ವೇಗ. ಕಚೇರಿ ತಲುಪಿದಾಗ ಹನ್ನೆರಡು ಮೂವತ್ತೆಂಟು. ಪವಿತ್ರ ಸರತಿಯಲ್ಲಿದ್ದ ಕಸವನ್ನೆಲ್ಲ ಅಳಿಸಿ, ಮೇಲ್ ಹೋಗಿಬಂದದ್ದನ್ನೆಲ್ಲ ಬರೆದಿಡುವ ಲಾಗ್ ನೋಡುತ್ತಾ ಕೂತಿದ್ದಳು.

"ತಡೆ ಬೀಳೋ ಮುಂಚೆ ಹೋದದ್ದೂ ಸೇರಿ ಇನ್ನೂರ ನಲವತ್ತೈದರಲ್ಲಿ ಹೆಚ್ಚಿನವು ಒಂದೇ ದೊಡ್ಡ ಮೇಲ್ ಕಂಪನಿಯ ಪೆಟ್ಟಿಗೆಗಳಿಗೆ," ಎಂದಳು. "ಕೋಯಿಕ್ಕೋಡಿನವರ ಪೆಟ್ಟಿಗೆಯೂ ಅಲ್ಲೇ ಇರೋದು."

ಹನ್ನೆರಡು ನಲವತ್ತೊಂದಕ್ಕೆ ಚಾಮುಂಡಿಯ ದರಪತ್ರ ಸರ್ವರಿಗೆ ಬಂತು. ಆ ಕಡೆಯಿಂದ ಬಂದ ಉತ್ತರ: ನಿಮ್ಮಿಂದ ಸಂಶಯಾಸ್ಪದ ಮೇಲ್ ಬರುತ್ತಿದೆ, ಸ್ವಲ್ಪ ಹೊತ್ತು ಬಿಟ್ಟು ಕಳಿಸಿ.

"ಈಗ್ಲೇ ಮತ್ತೆ ಮತ್ತೆ ಕಳ್ಸು," ಎಂದೆ.

"ಹಾಗೆ ಬಡಿದ್ರೆ ಬಾಗಿಲು ಪೂರ್ತಿ ಹಾಕ್ಕೋತಾರೆ. ಐದು ನಿಮಿಷಕ್ಕೊಂದ್ಸಲ ನಮ್ಮ ಸರ್ವರ್ ತಾನೇ ಕೇಳತ್ತೆ. ಕಸ ನಿಂತಿರೋದು ಅವರಿಗೂ ಕಾಣತ್ತೆ. ಕೈ ಕಟ್ಕೊಂಡು ಕೂತ್ಕೊಳಿ."

ಕೂತೆ. ನಲವತ್ತಾರಕ್ಕೆ ಅದೇ ಉತ್ತರ ಬಂತು. ಕೆಳಗಿನ ಅಂಗಡಿಯಲ್ಲಿ ಯಾರೋ ಚಪ್ಪಲಿಗೆ ಚೌಕಾಸಿ ಮಾಡುತ್ತಿದ್ದರು. ಮೂರು ಟನ್ ಹೂವು ಎಂದರೆ ಎಷ್ಟು ಗೋಣಿ ಎಂದು ಎಣಿಸಲು ಹೋಗಿ ನಡುವೆ ಬಿಟ್ಟೆ. ಐವತ್ತೊಂದಕ್ಕೆ ಲಾಗ್‌ನ ಸಾಲು ಬದಲಾಯಿತು: ಸ್ವೀಕರಿಸಲಾಗಿದೆ.

ಪವಿತ್ರ ಏನೂ ಅನ್ನದೆ ವಿನಾಯಿತಿ ಪಟ್ಟಿ ತೆರೆದು ಸಿದ್ದಮಲ್ಲಪ್ಪನವರ ಹೆಸರು ಅಳಿಸಿದಳು. ಆಮೇಲೆ ತಡೆ ತೆಗೆಯಬಲ್ಲವರ ಪಟ್ಟಿ ತೆರೆದು ನನ್ನ ಹೆಸರನ್ನೂ ಅಳಿಸಿದಳು. ಈ ಸಲ ಗೆದ್ದವನು ನಾನೆಂದು ನನಗೆ ಅನ್ನಿಸಲಿಲ್ಲ.

ಒಂದಕ್ಕೆ ಐದು ನಿಮಿಷವಿದ್ದಾಗ ಚಾಮುಂಡಿಯ ಫೋನ್ ಬಂತು.

"ಅಣ್ಣ, ಓಯ್ತಾ?"

ಸಿಡಿಲು, ಗುಡುಗು, ಬಂಡೀಪುರದ ಆನೆ, ಎಲ್ಲವೂ ಬಾಯಿಯವರೆಗೆ ಬಂದಿದ್ದವು. ಪವಿತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹನ್ನೆರಡು ಐವತ್ತೊಂದಕ್ಕೆ ಓಯ್ತು ಕಣಮ್ಮಿ," ಎಂದೆ. "ಹತ್ತು ನಿಮಿಷ ನಿಂತಿತ್ತು. ನನ್ನಿಂದ."

"ಓಯ್ತಲ್ಲ, ಬುಡಿ," ಎಂದಳು ಅವಳು. ಫೋನಿನಲ್ಲಿ ಅವಳ ಹಿಂದೆ ಲಾರಿ ಸ್ಟಾರ್ಟ್ ಆದ ಸದ್ದು ಕೇಳಿಸಿತು.