ಸತ್ತ ಗಡಿಯಾರ ಮತ್ತು ಎಂಟು ಸೆಕೆಂಡು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಹಿಂದಿನ ದಿನ ಹಾಕಿದ ವಿಡಿಯೋ ನೋಡಿದವರು ಎಂಟುನೂರು ಮಂದಿ. ತಿಂಗಳ ಹಿಂದೆ ಒಂದೇ ದಿನದಲ್ಲಿ ನಲವತ್ತು ಸಾವಿರ ದಾಟುತ್ತಿತ್ತು.

ಎಲ್ಲರ ಬಾಯಲ್ಲೂ ಅವಳು ಗಡಿಯಾರದಕ್ಕ. ಕೈಗಡಿಯಾರ ಬಿಚ್ಚಿ ರಿಪೇರಿ ಮಾಡುವುದನ್ನೇ ಚಿತ್ರಿಸಿ ಆರು ವರ್ಷದಲ್ಲಿ ನಾನೂರ ಹನ್ನೆರಡು ವಿಡಿಯೋ ಹಾಕಿದ್ದಳು. ನಾಲ್ಕು ಗಂಟೆಗೆ ಆ ಖಾತೆಯನ್ನೇ ಅಳಿಸಿ ಹೊಸದು ತೆರೆಯುವುದೆಂದು ಅಕ್ಕ ತಮ್ಮ ತೀರ್ಮಾನಿಸಿದ್ದರು.

"ಶ್ಯಾಡೋಬ್ಯಾನೇ ಅಕ್ಕ, ಅನುಮಾನವೇ ಬೇಡ," ಎಂದ ತಮ್ಮ. ವಿಡಿಯೋ ಕತ್ತರಿಸಿ ಜೋಡಿಸುವವನು ಅವನೇ. "ಆ್ಯಪ್‌ನವರು ಹೇಳದೆ ಕೇಳದೆ ನಮ್ಮ ವಿಡಿಯೋ ಯಾರಿಗೂ ಕಾಣದ ಹಾಗೆ ಮುಚ್ಚಿಡ್ತಾರೆ. ಬಾಯಿ ಬಿಟ್ರೆ 'ಈ ಗಡಿಯಾರ ಸತ್ತಿದೆ' ಅಂತಿದ್ದೆಯಲ್ಲ, ಸಾವಿನ ಮಾತು ಅವರಿಗೆ ಆಗಲ್ಲ."

ಅದಕ್ಕೇ ಮೂರು ವಾರದಿಂದ ಅವಳು 'ನಿದ್ದೆ ಹೋದ ಗಡಿಯಾರ' ಎನ್ನುತ್ತಿದ್ದಳು. ಅವಳ ರಿಪೇರಿ ಅಂಗಡಿಗೆ ಬಂದವರೊಬ್ಬರು, "ನಂದು ನಿದ್ದೆ ಹೋಗಿಲ್ಲಮ್ಮ, ಪೂರ್ತಿ ಹೋಗೇಬಿಟ್ಟಿದೆ," ಎಂದು ನಕ್ಕಿದ್ದರು. ಹ್ಯಾಷ್‌ಟ್ಯಾಗ್ ತೆಗೆದದ್ದಾಯಿತು, ಎರಡು ದಿನ ಏನೂ ಹಾಕದೆ ಕೂತದ್ದಾಯಿತು, ಆ್ಯಪ್ ಅಳಿಸಿ ಮತ್ತೆ ಹಾಕಿಕೊಂಡದ್ದಾಯಿತು. ಸಂಖ್ಯೆ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬೆಳಿಗ್ಗೆಯಿಂದ ಒಂದೇ ಸ್ಕ್ರೂ ಅವಳ ಚಿಮುಟದಿಂದ ಮೂರು ಸಲ ಜಾರಿ ಬಿದ್ದಿತ್ತು.

ಮೂಲೆಯ ಕುರ್ಚಿಯಲ್ಲಿ ಅಮ್ಮ ತನ್ನ ಫೋನು ನೋಡುತ್ತಿದ್ದಳು. ಡಂ ಡಂ ಎಂದು ಸದ್ದಾಯಿತು, ಪರದೆಯ ಮೇಲೆ ಬಂಗಾರದ ಬಣ್ಣದ ಹಲ್ಲುಚಕ್ರಗಳು ಗಿರ್ರನೆ ತಿರುಗಿದವು. ಅಮ್ಮ ಬೆರಳಿನಿಂದ ಮೇಲಕ್ಕೆ ತಳ್ಳಿಬಿಟ್ಟಳು.

"ಅಮ್ಮಾ, ಯಾಕೆ ದಾಟಿಸಿದೆ? ಅದು ನಂದು!"

"ನಿಂದಾ? ಯಾವುದೋ ಸಿಮೆಂಟ್ ಜಾಹೀರಾತು ಅಂದ್ಕೊಂಡೆ ಕಣೇ. ನೀನು ಎಷ್ಟೋ ದಿನದಿಂದ ಏನೂ ಹಾಕೇ ಇಲ್ಲ ಅಂದ್ಕೊಂಡಿದ್ದೆ."

ತಮ್ಮನ ಮುಖ ಸಪ್ಪಗಾಯಿತು. ತಿಂಗಳಿಂದ ಪ್ರತಿ ವಿಡಿಯೋದ ಮೊದಲಿಗೆ ಬರುತ್ತಿದ್ದ ಆ ಎಂಟು ಸೆಕೆಂಡನ್ನು ವಾರಗಟ್ಟಲೆ ಕೂತು ಮಾಡಿದವನು ಅವನು.

ಅಮ್ಮನೇ ದಾಟಿಸಿದ್ದು ಕಂಡು ಗಡಿಯಾರದಕ್ಕನಿಗೆ ಅನುಮಾನ ಬಂತು; ಮೊದಲು ಖಾತೆಯ ಸ್ಥಿತಿ ತೋರಿಸುವ ಪುಟ ತೆರೆದಳು. ತಿಂಗಳಿಂದ ಇಬ್ಬರೂ ಅತ್ತ ತಲೆ ಹಾಕಿರಲಿಲ್ಲ. ಯಾವ ನಿಯಮಭಂಗವೂ ಇಲ್ಲ. ಹಿಂಬಾಲಿಸದವರಿಗೂ ವಿಡಿಯೋ ತೋರಿಸಲು ಅಡ್ಡಿಯಿಲ್ಲ ಎಂದಿತ್ತು. ಆಮೇಲೆ, ನೋಡುವವರು ಎಲ್ಲಿ ಬಿಟ್ಟುಹೋಗುತ್ತಾರೆಂಬ ಗೆರೆಯನ್ನು ನೋಡಿದಳು. ಹಳೆಯ ವಿಡಿಯೋಗಳಲ್ಲಿ ಮೂರನೇ ಸೆಕೆಂಡಿಗೆ ನೂರಕ್ಕೆ ಎಪ್ಪತ್ತೆಂಟು ಜನ ಉಳಿದಿದ್ದರು. ಮೊದಲಿಗೆ ಆ ಚಕ್ರ ಸೇರಿಸಿದ ಮೇಲಿನವುಗಳಲ್ಲಿ ಇಪ್ಪತ್ತೊಂಬತ್ತು. ಮೊದಲು ನೋಡಿದವರೇ ಎದ್ದುಹೋದರೆ ಆ್ಯಪ್ ಹೊಸಬರಿಗೆ ತೋರಿಸುವುದನ್ನು ಕಡಿಮೆ ಮಾಡುತ್ತದೆ. ಅತಿ ಹೆಚ್ಚು ಓಡಿದ ಹಳೆಯ ವಿಡಿಯೋವನ್ನೂ ಹಾಕಿ ಕೇಳಿದಳು. ಒಂದು ನಿಮಿಷದಲ್ಲಿ ಐದು ಸಲ 'ಸತ್ತಿದೆ' ಅಂದಿದ್ದಳು.

"ನಮ್ಮನ್ನ ಯಾರೂ ಮುಚ್ಚಿಟ್ಟಿಲ್ಲ ಕಣೋ. ನಾವೇ ಬಾಗಿಲಲ್ಲಿ ಡೋಲು ಬಾರಿಸೋನನ್ನ ನಿಲ್ಲಿಸಿದ್ವಿ."

"ಚೆನ್ನಾಗಿತ್ತಲ್ಲಕ್ಕ," ಎಂದ ತಮ್ಮ, ನೆಲ ನೋಡುತ್ತ.

"ಚೆನ್ನಾಗೇ ಇದೆ. ಆದ್ರೆ ಜನಕ್ಕೆ ಬೇಕಿರೋದು ಗಡಿಯಾರ."

ನಾಲ್ಕು ಗಂಟೆಗೆ ಖಾತೆ ಅಳಿಸಲಿಲ್ಲ. ಹೊಸ ವಿಡಿಯೋ ಚಕ್ರವಿಲ್ಲದೆ, "ಈ ಗಡಿಯಾರ ಸತ್ತಿದೆ" ಎಂದೇ ಶುರುವಾಯಿತು. ಮರುದಿನ ಅಷ್ಟೊತ್ತಿಗೆ ಅದನ್ನು ನೋಡಿದವರು ನಾಲ್ಕು ಸಾವಿರದ ನೂರು. ಮೂರನೇ ಸೆಕೆಂಡಿಗೆ ಉಳಿದವರು ನೂರಕ್ಕೆ ಎಪ್ಪತ್ತನಾಲ್ಕು. ನಲವತ್ತು ಸಾವಿರ ಇನ್ನೂ ದೂರವಿತ್ತು. ತಮ್ಮ ತನ್ನ ಎಂಟು ಸೆಕೆಂಡನ್ನು ಎರಡಕ್ಕೆ ಇಳಿಸಿ, ವಿಡಿಯೋದ ಕೊನೆಗೆ ಅಂಟಿಸಿದ.