ಮೆಣಸಿನ ಕಾಳಿನಷ್ಟು ಸನ್‌ಸ್ಕ್ರೀನ್

ನಾನು ಡ್ರೈವಿಂಗ್ ಕಲಿಸುವವಳು. ಬ್ರೇಕ್ ಒತ್ತಬೇಕಾದಲ್ಲಿ ಆಕ್ಸಿಲರೇಟರ್ ಒತ್ತುವ ಮಹಾನುಭಾವರ ಪಕ್ಕ, ಕಿಟಕಿಯ ಬಿಸಿಲಿಗೆ ಮುಖ ಕೊಟ್ಟು, ಜೀವ ಕೈಯಲ್ಲಿ ಹಿಡಿದು ಕೂರುತ್ತೇನೆ. ಅದೂ ಸಾಲದೆಂದು ನನ್ನ ಕಪ್ಪು ಕೆನ್ನೆಗಳ ಮೇಲೆ ಇನ್ನೂ ಕಪ್ಪಗೆ ಬಂಗು ಬಂತು. ಚರ್ಮದ ಡಾಕ್ಟರಮ್ಮ ತಿಂಗಳುಗಟ್ಟಲೆ ಮುಲಾಮು ಹಚ್ಚಿಸಿ ಅದನ್ನು ತಿಳಿಯಾಗಿಸಿದರು. "ದಿನಾ ಸನ್‌ಸ್ಕ್ರೀನ್ ಹಚ್ಚಿ, ಇಲ್ಲಾಂದ್ರೆ ವಾಪಸ್ ಬರುತ್ತೆ" ಅಂದರು.

ಯಾವುದು ಅಂತ ಕೇಳಲಿಲ್ಲ. ಮನೆಯಲ್ಲೇ ಪಂಡಿತೆ ಇದ್ದಾಳಲ್ಲ! ನನ್ನ ತಂಗಿ ಮೆಡಿಕಲ್ ಶಾಪಿನಲ್ಲಿ ಕ್ರೀಮು ಮಾರುತ್ತಾಳೆ.

"ಮಿನರಲ್ ತಗೋ ಅಕ್ಕ. ಕೆಮಿಕಲ್ ಅಂದ್ರೆ ಕೆಮಿಕಲ್ಲೇ" ಅಂದಳು. ಅದರೊಳಗಿನ ಜಿಂಕ್ ಆಕ್ಸೈಡ್ ಪಾಪ, ಮರದಲ್ಲಿ ಬಿಡುತ್ತದೆ ನೋಡಿ! ಟ್ಯೂಬ್‌ಲೈಟಿನ ಕೆಳಗೆ ನನ್ನ ಅಂಗೈಗೆ ಹಚ್ಚಿ ತೋರಿಸಿದಳು. ಬಿಳುಪು ಕಾಣಲೇ ಇಲ್ಲ. ನಮ್ಮಂಥವರ ಅಂಗೈಗೂ ಮುಖಕ್ಕೂ ಬಣ್ಣದಲ್ಲಿ ಅಜಗಜಾಂತರ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಟ್ಯೂಬಿನ ಮೇಲೆ ಬರೆದಂತೆ ಎರಡು ಬೆರಳುದ್ದ ಹಚ್ಚಿದೆ. ಅತ್ತೆ ಬೆಚ್ಚಿಬಿದ್ದರು. "ಏನಮ್ಮಾ, ಹಿಟ್ಟಿನ ಡಬ್ಬದೊಳಗೆ ಮುಖ ಹಾಕಿದ್ಯಾ?" ಕಾರು ಕಲಿಯಲು ಬಂದವರಂತೂ ಬೂದಿ ಬಣ್ಣದ ನನ್ನನ್ನು ನೋಡಿ, "ಮೇಡಂ, ಆಸ್ಪತ್ರೆಗೆ ಹೋಗೋಣ್ವಾ? ನಾನೇ ಓಡಿಸ್ತೀನಿ" ಅಂದರು. ಅದಕ್ಕಿಂತ ಬಂಗೇ ವಾಸಿ.

ಅಂದಿನಿಂದ ಮೆಣಸಿನ ಕಾಳಿನಷ್ಟೇ ಹಚ್ಚಿದೆ. ಬೂದಿ ಹೋಯಿತು. ಬಂಗು ಬಂತು. ಕನ್ನಡಿ ಮುಂದೆ ಅತ್ತುಬಿಟ್ಟೆ.

"ಇಷ್ಟೇ ಇಷ್ಟು ಹಚ್ಚಿದ್ರೆ ಟ್ಯೂಬಿಗೆ ರಕ್ಷಣೆ, ನಿಮ್ಗಲ್ಲ" ಅಂದರು ಡಾಕ್ಟರಮ್ಮ. "ಮಿನರಲ್ಲೋ ಕೆಮಿಕಲ್ಲೋ, ಸಾಕಷ್ಟು ಹಚ್ಚಿದ್ರೆ ಎರಡೂ ಕೆಲಸ ಮಾಡ್ತವೆ. ಬಂಗಿಲ್ಲದ ಕಪ್ಪು ಚರ್ಮಕ್ಕೆ ಕೆಮಿಕಲ್ ಜೆಲ್ ಸುಲಭ, ಬಿಳುಪು ಕಾಣಲ್ಲ, ಆದ್ರೆ ಕೆಲವರಿಗೆ ಕಣ್ಣು ಉರಿಯುತ್ತೆ. ನಿಮ್ಮ ಬಂಗು ಕಣ್ಣಿಗೆ ಕಾಣೋ ಬೆಳಕಿಗೂ ಹೆಚ್ಚಾಗುತ್ತೆ. ಅದನ್ನ ತಡೆಯೋಕೆ ಐರನ್ ಆಕ್ಸೈಡ್ ಇರೋ, ನಿಮ್ಮ ಚರ್ಮದ್ದೇ ಬಣ್ಣದ ಸನ್‌ಸ್ಕ್ರೀನ್ ಬೇಕು. ದವಡೆಗೆ ಹಚ್ಚಿ, ಹೊರಗಡೆ ಬೆಳಕಲ್ಲಿ ನೋಡಿ ತಗೊಳ್ಳಿ."

ನೇರ ಅಂಗಡಿಗೆ ಹೋದೆ. ತಂಗಿಯ ಮುಖಕ್ಕೆ ಅವಳದೇ ಮಿನರಲ್ ಕ್ರೀಮನ್ನು ಎರಡು ಬೆರಳುದ್ದ ಬಳಿದೆ. "ಈಗ ಮಾರು" ಅಂದೆ.

ಮೊದಲು ಬಂದ ಗಿರಾಕಿ ಹೆಂಗಸು, "ಯಾಕಮ್ಮಾ, ಹುಷಾರಿಲ್ವಾ?" ಅಂದಳು.

ತಂಗಿ ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಗೂಡಿನಿಂದ ಧೂಳು ಹಿಡಿದ ಕಂದು ಟ್ಯೂಬೊಂದನ್ನು ತೆಗೆದು ನನ್ನ ಕೈಗಿಟ್ಟಳು. ಐರನ್ ಆಕ್ಸೈಡ್ ಇತ್ತು.

"ಇದಿತ್ತಲ್ಲೇ! ಮೊದ್ಲೇ ಯಾಕೆ ಕೊಡ್ಲಿಲ್ಲ?"

"ಕಪ್ಪು ಬಣ್ಣದ ಕ್ರೀಮನ್ನ ಯಾರು ತಗೋತಾರೆ ಅಕ್ಕಾ?"

ಹೇಳಿದವಳು ಕಪ್ಪಿನಲ್ಲಿ ನನಗಿಂತ ಒಂದು ಕೈ ಮೇಲು. ಅವಳ ರಟ್ಟೆ ಹಿಡಿದು ಬಾಗಿಲಾಚೆ ಬೆಳಕಿಗೆ ಎಳೆದು ತಂದೆ. ನನ್ನ ದವಡೆಗೆ ಹಚ್ಚಿದೆ, ಕ್ರೀಮು ಚರ್ಮದಲ್ಲಿ ಬೆರೆತುಹೋಯಿತು. ಸೆರಗಿನಿಂದ ಅವಳ ಮುಖದ ಬೂದಿ ಒರೆಸಿ ಅವಳಿಗೂ ಹಚ್ಚಿದೆ. ಕ್ರೀಮು ಕಾಣಲಿಲ್ಲ. ನನ್ನ ತಂಗಿ ಕಂಡಳು.